ಹೊಳೆ ಬಂದು ಪರೀಕ್ಷೆ ತಪ್ಪಿದರೆ ಮತ್ತೆ ಬರೆಯಲು ಕೇಳುವುದು ಹೇಗೆ?

"ನಾನು ಜೇವರ್ಗಿ ತಾಲೂಕಿನ ಹಳ್ಳಿಯವನು. ಕಲಬುರಗಿಯ ಕಾಲೇಜಿನಲ್ಲಿ ಬಿಕಾಂ 4ನೇ ಸೆಮ್. ಭೀಮಾ ಹೊಳೆ ತುಂಬಿ ರೋಡ್ ಬಂದ್ ಆಗಿ ಕಾಸ್ಟ್ ಅಕೌಂಟಿಂಗ್ ಪೇಪರ್ ತಪ್ಪಿತು. ಉಳಿದ ಪೇಪರ್ ಎಲ್ಲಾ ಬರೆದಿದ್ದೇನೆ. ಇದೊಂದನ್ನು ಮತ್ತೆ ಬರೆಯಲು ಬಿಡ್ತಾರಾ? ಅರ್ಜಿ ಹೇಗೆ ಬರೆಯಬೇಕು, ಯಾರಿಗೆ ಕೊಡಬೇಕು?"

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಂಥ ಅರ್ಜಿಗಳು ನನ್ನ ಟೇಬಲ್ ದಾಟಿಯೇ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. "ನನಗೊಬ್ಬನಿಗೆ ಬೇರೆ ದಿನ ಪರೀಕ್ಷೆ ಇಡಿ" ಎಂದು ಕೇಳಿದರೆ ಬಹುಮಟ್ಟಿಗೆ ಒಪ್ಪುವುದಿಲ್ಲ. ಹಾಗಂತ ಅರ್ಜಿ ಕೊಡುವುದೇ ದಂಡ ಅಂದುಕೊಳ್ಳಬೇಡಿ. ಏನು ಕೇಳುತ್ತೀರಿ ಎನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಿಮ್ಮ ಒಂದು ಪೇಪರಿನ ಹಿಂದೆ ಎಷ್ಟು ಕೆಲಸ ಇರುತ್ತದೆ ನೋಡಿ. ಪ್ರಶ್ನೆಪತ್ರಿಕೆ ತೆಗೆಯಲು ಮೇಷ್ಟ್ರನ್ನು ನೇಮಿಸಬೇಕು. ಪರೀಕ್ಷಾ ಮಂಡಳಿ ಅದನ್ನು ನೋಡಬೇಕು. ಗುಟ್ಟಾಗಿ ಅಚ್ಚಾಗಿ, ಸೀಲಾದ ಲಕೋಟೆಯಲ್ಲಿ ಕೇಂದ್ರಕ್ಕೆ ಬರಬೇಕು. ಆಮೇಲೆ ಮೌಲ್ಯಮಾಪನ, ಅಂಕ ತುಂಬುವುದು. ಒಬ್ಬ ವಿದ್ಯಾರ್ಥಿಗಾಗಿ ಇಷ್ಟನ್ನೂ ನಡೆಸಲು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಒಪ್ಪಿದರೆ ನಾಳೆ ಇನ್ನೊಬ್ಬರು ಮದುವೆ ಇತ್ತು, ಜಾತ್ರೆ ಇತ್ತು ಅಂತ ಬರುತ್ತಾರೆ. ಹಾಗಾಗಿ ಅವರು ಸಹಿ ಹಾಕಲು ಅಂಜದಂಥದ್ದನ್ನು ಕೇಳಬೇಕು.

ಅಂಥವು ಎರಡಿವೆ. ಒಂದು, ಹೊಳೆಯಿಂದಾಗಿ ಪರೀಕ್ಷೆ ತಪ್ಪಿದ ಎಲ್ಲರಿಗೂ ಸೇರಿಸಿ ಒಂದು ಪೂರಕ ಪರೀಕ್ಷೆ. ಇನ್ನೊಂದು, ಮುಂದಿನ ಸೆಮಿಸ್ಟರ್ ಪರೀಕ್ಷೆಯ ಜೊತೆಗೇ ಈ ಪೇಪರನ್ನೂ ಇಡುವುದು. ಎರಡನೆಯದು ಸಣ್ಣ ಮಾತು ಅನಿಸಬಹುದು, ಆದರೆ ನಿಮ್ಮದು 4ನೇ ಸೆಮ್, ಅಂದರೆ ಸಮ ಸೆಮಿಸ್ಟರ್. ಕೆಲವು ಕಡೆ ಪ್ರತಿ ಸಲವೂ ಸಮ, ಬೆಸ ಎರಡರ ಹಳೇ ಪೇಪರುಗಳನ್ನೂ ಇಡುತ್ತಾರೆ. ಕೆಲವು ಕಡೆ ಸಮ ಸೆಮಿಸ್ಟರಿನ ಪೇಪರ್ ಮತ್ತೆ ಬರುವುದು ಮುಂದಿನ ವರ್ಷವೇ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಯಾವುದು ಅಂತ ಹಳೆಯ ಪರೀಕ್ಷಾ ವೇಳಾಪಟ್ಟಿ ತೆಗೆದು ನೋಡಿ, ಗೊತ್ತಾಗುತ್ತದೆ. ಹೋದ ಬೆಸ ಸೆಮಿಸ್ಟರಿನ ಪಟ್ಟಿಯಲ್ಲಿ 2ನೇ, 4ನೇ ಸೆಮ್‌ನ ರಿಪೀಟರ್ ಪೇಪರುಗಳು ಇದ್ದರೆ ನಿಮಗೆ ಅರ್ಧ ಚಿಂತೆ ಕಳೆಯಿತು.

ಇನ್ನೊಂದು ವಿಷಯವನ್ನು ಹುಡುಗರು ಕೇಳುವುದೇ ಇಲ್ಲ. ಆ ದಿನ ಕೊಠಡಿ ಮೇಲ್ವಿಚಾರಕರು ನಿಮ್ಮ ನಂಬರಿನ ಮುಂದೆ ಗೈರು ಎಂದು ಬರೆದಿರುತ್ತಾರೆ. ಗೈರು ಪಟ್ಟಿ ಅಂದೇ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತದೆ. ಮುಂದೆ ನೀವು ಸುಮ್ನೆ ರಿಪೀಟರ್ ಆಗಿ ಬರೆದು ಪಾಸಾದರೆ, ಲೆಕ್ಕದಲ್ಲಿ ಅದು ಎರಡನೇ ಯತ್ನ. ರ‍್ಯಾಂಕಿಗೆ ಸಾಮಾನ್ಯವಾಗಿ ಎಲ್ಲಾ ಪೇಪರುಗಳನ್ನು ಮೊದಲ ಯತ್ನದಲ್ಲೇ ಪಾಸು ಮಾಡಿರಬೇಕು. ಅದಕ್ಕೆ "ಈ ಪೇಪರನ್ನು ನನ್ನ ಮೊದಲ ಯತ್ನ ಎಂದು ಪರಿಗಣಿಸಬೇಕು" ಎನ್ನುವ ಸಾಲು ನಿಮ್ಮ ಅರ್ಜಿಯಲ್ಲಿ ಇರಲೇಬೇಕು. ಪೂರಕ ಪರೀಕ್ಷೆ ಸಿಕ್ಕರೂ ಈ ಸಾಲು ಇಲ್ಲದಿದ್ದರೆ ಆಮೇಲೆ ಅದಕ್ಕೇ ಬೇರೆ ಅರ್ಜಿ ಹಿಡಿದು ಓಡಾಡಬೇಕಾಗುತ್ತದೆ.

ಈಗ ಪುರಾವೆಯ ಮಾತು. ನಮ್ಮ ಭಾಗದ ಹೊಳೆಗೆ ಒಂದು ವಿಚಿತ್ರ ಇದೆ, ಅಲ್ವಾ? ಕಲಬುರಗಿಯಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಭೀಮಾ ಮಾತ್ರ ದಂಡೆ ಮೀರಿ ಹರಿಯುತ್ತಿರುತ್ತದೆ. ನೀರು ಬರುವುದು ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ, ಆಮೇಲೆ ನಮ್ಮ ಸೊನ್ನ ಬ್ಯಾರೇಜ್ ದಾಟಿ. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೂತವರು "ಆ ದಿನ ಮಳೆಯೇ ಇರಲಿಲ್ಲವಲ್ಲ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಹಾಗಾಗಿ "ಭಾರೀ ಮಳೆಯಿಂದ" ಎಂದು ಬರೆಯಬೇಡಿ. "ಮೇಲಿನ ಜಲಾಶಯಗಳಿಂದ ನೀರು ಬಿಟ್ಟಿದ್ದರಿಂದ ಭೀಮಾ ನದಿಗೆ ಪ್ರವಾಹ ಬಂದು" ಎಂದು ಬರೆಯಿರಿ. ಆ ದಿನದ ಪತ್ರಿಕೆಯಲ್ಲಿ ಸೊನ್ನದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಬಂದಿದ್ದರೆ, ದಿನಾಂಕ ಕಾಣುವ ಹಾಗೆ ಆ ತುಂಡನ್ನು ಲಗತ್ತಿಸಿ.

ಮೊಬೈಲಿನಲ್ಲಿ ತೆಗೆದ ಸೇತುವೆಯ ಫೋಟೋ ನಿಮಗೆ ದೊಡ್ಡ ಸಾಕ್ಷಿ ಅನಿಸುತ್ತದೆ. ಫೈಲಿನಲ್ಲಿ ಅದಕ್ಕೆ ಬೆಲೆ ಕಡಿಮೆ. ಯಾವ ದಿನದ್ದು, ಯಾವ ಸೇತುವೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಬೆಲೆ ಇರುವುದು ಸೀಲು, ಸಹಿ, ದಿನಾಂಕ ಇರುವ ಕಾಗದಕ್ಕೆ. ನಿಮ್ಮೂರಿನ ಗ್ರಾಮ ಆಡಳಿತ ಅಧಿಕಾರಿಯಿಂದ, ಸಾಧ್ಯವಾದರೆ ತಹಶೀಲ್ದಾರರ ಕಚೇರಿಯಿಂದ, ಇಂಥ ದಿನ ಇಂಥ ರಸ್ತೆಯಲ್ಲಿ ಸಂಚಾರ ನಿಂತಿತ್ತು ಎಂಬ ಪತ್ರ ತನ್ನಿ. ಇನ್ನೊಂದು ಕಾಗದ ಬಹಳ ಕೆಲಸ ಮಾಡುತ್ತದೆ, ಯಾರೂ ತರುವುದಿಲ್ಲ: ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋ ವ್ಯವಸ್ಥಾಪಕರಿಂದ "ಈ ಮಾರ್ಗದ ಬಸ್ಸು ಈ ದಿನ ಓಡಲಿಲ್ಲ" ಎಂಬ ಎರಡು ಸಾಲು. ನಿಮ್ಮ ಬಸ್ ಪಾಸಿನ ಝೆರಾಕ್ಸ್ ಅದರ ಜೊತೆ ಇಟ್ಟರೆ, ನೀವು ದಿನಾ ಅದೇ ಬಸ್ಸಿಗೆ ಬರುವವರು ಎನ್ನುವುದೂ ಸಾಬೀತಾಯಿತು. ಹಾಲ್ ಟಿಕೆಟ್ಟಿನ ಪ್ರತಿಯಂತೂ ಬೇಕೇ ಬೇಕು. ಉಳಿದ ಪೇಪರುಗಳ ದಿನ ಮೇಲ್ವಿಚಾರಕರು ಸಹಿ ಮಾಡಿದ್ದರೆ, ಒಂದು ದಿನ ಮಾತ್ರ ತಪ್ಪಿದೆ ಎಂಬುದು ಅದರಲ್ಲೇ ಕಾಣುತ್ತದೆ.

ಒಂದು ಪ್ರಶ್ನೆ ನಿಮಗೆ ಖಂಡಿತ ಬರುತ್ತದೆ. "ಕಟ್ಟಿಸಂಗಾವಿ ಸೇತುವೆ ಬಂದ್ ಆದರೆ ಶಹಾಪುರ, ಯಾದಗಿರಿ ಸುತ್ತಿ ಬರಬಹುದಿತ್ತಲ್ಲ? ಬೇರೆ ಹುಡುಗರು ಬಂದಿದ್ದಾರಲ್ಲ?" ಇದಕ್ಕೆ ಉತ್ತರ ಅರ್ಜಿಯಲ್ಲೇ ಇರಲಿ. ರಸ್ತೆ ಬಂದ್ ಆಗಿದ್ದು ನಿಮಗೆ ಎಷ್ಟು ಗಂಟೆಗೆ ತಿಳಿಯಿತು, ಪರೀಕ್ಷೆ ಎಷ್ಟು ಗಂಟೆಗಿತ್ತು, ಸುತ್ತು ಹಾದಿಯಲ್ಲಿ ಬರಲು ಎಷ್ಟು ಹೊತ್ತು ಬೇಕಿತ್ತು, ಇಷ್ಟನ್ನು ನೇರವಾಗಿ ಬರೆಯಿರಿ. ಹಿಂದಿನ ದಿನವೇ ಬಂದು ಕಲಬುರಗಿಯಲ್ಲಿ ಉಳಿದವರು ಇದ್ದರೆ ಅದನ್ನು ಮುಚ್ಚಿಡಬೇಡಿ. ನಗರದಲ್ಲಿ ಉಳಿಯಲು ನಿಮಗೆ ಜಾಗ ಇರಲಿಲ್ಲ ಅಂದರೆ ಹಾಗೇ ಹೇಳಿ. ಆ ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿದ್ದರೆ ಯಾರಿಗೆ, ಎಷ್ಟು ಗಂಟೆಗೆ ಎನ್ನುವುದನ್ನೂ ಸೇರಿಸಿ. ಆಮೇಲೆ ಹುಟ್ಟಿಸಿದ ಕಾರಣ ಇದು ಎಂಬ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಅಂದಹಾಗೆ, ಇದರ ಮೇಲೆ ಜ್ವರ ಇತ್ತು ಅಂತ ಡಾಕ್ಟರ್ ಸರ್ಟಿಫಿಕೇಟ್ ಒಂದನ್ನು ಅಂಟಿಸುವ ಚಾಳಿ ಇದೆ. ದಯವಿಟ್ಟು ಬೇಡ. ಎರಡು ಕಾರಣ ಕೊಟ್ಟರೆ ಎರಡನ್ನೂ ನಂಬುವುದಿಲ್ಲ.

ಅರ್ಜಿ ಒಂದು ಪುಟ ದಾಟದಿರಲಿ. ಹೀಗೆ ಬರೆಯಬಹುದು:

ಗೆ,
ಕುಲಸಚಿವರು (ಮೌಲ್ಯಮಾಪನ),
ಗುಲಬರ್ಗಾ ವಿಶ್ವವಿದ್ಯಾಲಯ, ಕಲಬುರಗಿ.

ಮೂಲಕ: ಪ್ರಾಂಶುಪಾಲರು, (ನಿಮ್ಮ ಕಾಲೇಜು)

ವಿಷಯ: ಪ್ರವಾಹದಿಂದ ತಪ್ಪಿದ ಬಿಕಾಂ 4ನೇ ಸೆಮಿಸ್ಟರ್ ಕಾಸ್ಟ್ ಅಕೌಂಟಿಂಗ್ ಪತ್ರಿಕೆಗೆ ಪೂರಕ ಅವಕಾಶ ಕೋರಿ.

ಮಾನ್ಯರೇ,
ನಾನು ಮೇಲಿನ ಕಾಲೇಜಿನ ವಿದ್ಯಾರ್ಥಿ, ನೋಂದಣಿ ಸಂಖ್ಯೆ …… ದಿನಾಂಕ …… ರಂದು ಮಧ್ಯಾಹ್ನ …… ಗಂಟೆಗೆ ನಡೆದ ಕಾಸ್ಟ್ ಅಕೌಂಟಿಂಗ್ (ಪತ್ರಿಕೆ ಕೋಡ್ ……) ಪರೀಕ್ಷೆಗೆ ಹಾಜರಾಗಲು ಆಗಲಿಲ್ಲ. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಿದ್ದರಿಂದ ಭೀಮಾ ನದಿಗೆ ಪ್ರವಾಹ ಬಂದು, ನಮ್ಮೂರಿನಿಂದ ಕಲಬುರಗಿಗೆ ಬರುವ ರಸ್ತೆ ಆ ದಿನ ಬೆಳಿಗ್ಗೆ …… ರಿಂದ ಬಂದ್ ಆಗಿತ್ತು. ಬಸ್ ಸಂಚಾರವೂ ನಿಂತಿತ್ತು. ಸುತ್ತು ಮಾರ್ಗದಲ್ಲಿ ಪರೀಕ್ಷಾ ಸಮಯಕ್ಕೆ ತಲುಪುವುದು ಸಾಧ್ಯವಿರಲಿಲ್ಲ. ಈ ವಿಷಯವನ್ನು ಅಂದು …… ಗಂಟೆಗೆ ಕಾಲೇಜಿಗೆ ಫೋನಿನಲ್ಲಿ ತಿಳಿಸಿದ್ದೇನೆ. ಉಳಿದ ಎಲ್ಲಾ ಪತ್ರಿಕೆಗಳಿಗೆ ಹಾಜರಾಗಿದ್ದೇನೆ.

ಆದ್ದರಿಂದ ಪ್ರವಾಹದಿಂದ ಗೈರಾದ ವಿದ್ಯಾರ್ಥಿಗಳಿಗೆ ಪೂರಕ ಪರೀಕ್ಷೆ ನಡೆಸಿದರೆ ನನಗೂ ಅವಕಾಶ ಕೊಡಬೇಕು. ಅದು ಆಗದಿದ್ದರೆ ಮುಂದಿನ ಸೆಮಿಸ್ಟರ್ ಪರೀಕ್ಷೆಯ ಜೊತೆ ಈ ಪತ್ರಿಕೆ ಬರೆಯಲು ಬಿಡಬೇಕು. ಎರಡರಲ್ಲಿ ಯಾವುದಾದರೂ ಇದನ್ನು ಮೊದಲ ಯತ್ನ ಎಂದು ಪರಿಗಣಿಸಬೇಕೆಂದು ಕೋರುತ್ತೇನೆ.

ಕೆಳಗೆ ಲಗತ್ತುಗಳ ಪಟ್ಟಿ, ಸಹಿ, ಫೋನ್ ನಂಬರ್. ಇಷ್ಟು ಸಾಕು. "ಬಡ ಕುಟುಂಬದ ಹುಡುಗ, ನನ್ನ ಭವಿಷ್ಯ ನಿಮ್ಮ ಕೈಯಲ್ಲಿದೆ" ಎಂಬ ಮಾತು ನಿಜವೇ ಇರಬಹುದು, ಆದರೆ ಓದುವ ಗುಮಾಸ್ತರು ಹುಡುಕುವುದು ನೋಂದಣಿ ಸಂಖ್ಯೆ ಮತ್ತು ಪತ್ರಿಕೆ ಕೋಡ್. ಅವು ಇಲ್ಲದ ಅರ್ಜಿ ಪಕ್ಕಕ್ಕೆ ಹೋಗುತ್ತದೆ.

"ಮೂಲಕ" ಎಂಬ ಸಾಲು ಸುಮ್ನೆ ಹಾಕಿದ್ದಲ್ಲ. ನೀವು ಸೀದಾ ಜ್ಞಾನಗಂಗಾ ಕ್ಯಾಂಪಸ್ಸಿಗೆ ಹೋಗಿ ಕೊಟ್ಟರೆ "ಕಾಲೇಜಿನ ಮೂಲಕ ಬನ್ನಿ" ಎನ್ನುತ್ತಾರೆ. ಪ್ರಿನ್ಸಿಪಾಲರು ಮೇಲೊಂದು ಪತ್ರ ಬರೆದು ಶಿಫಾರಸು ಮಾಡಬೇಕು. ಆ ಪತ್ರದಲ್ಲಿ ನಿಮ್ಮ ತರಗತಿ ಹಾಜರಾತಿ ಸರಿ ಇದೆ, ಉಳಿದ ಪೇಪರುಗಳಿಗೆ ಬಂದಿದ್ದೀರಿ ಎಂಬ ಮಾತು ಇದ್ದರೆ ಒಳ್ಳೆಯದು. ಅದಕ್ಕಿಂತ ಗಟ್ಟಿ ಉಪಾಯ ಒಂದಿದೆ. ಹೊಳೆಯ ಆಚೆಯ ಊರುಗಳಿಂದ ಬರುವ ನಿಮ್ಮಂಥವರು ಇನ್ನೂ ಯಾರಿಗೆ ಪೇಪರ್ ತಪ್ಪಿದೆ ಕೇಳಿ. ಎಲ್ಲರ ಅರ್ಜಿ ಬೇರೆ ಬೇರೆ ಇರಲಿ, ಆದರೆ ಪ್ರಿನ್ಸಿಪಾಲರು ಎಲ್ಲರ ಹೆಸರು, ನಂಬರ್, ಊರು, ಪೇಪರ್ ಇರುವ ಒಂದೇ ಪಟ್ಟಿ ಮಾಡಿ ಕಳಿಸಲಿ. ಬೇರೆ ಕಾಲೇಜಿನವರೂ ಹೀಗೇ ಕಳಿಸಿದರೆ ಪೂರಕ ಪರೀಕ್ಷೆ ಎಂಬ ಮಾತಿಗೆ ತೂಕ ಬರುತ್ತದೆ. ಒಬ್ಬೊಬ್ಬರೇ ಹೋದಾಗ ಬರುವುದಿಲ್ಲ.

ತಡ ಮಾಡಬೇಡಿ. ಫಲಿತಾಂಶ ಬರುವ ಮೊದಲೇ ಅರ್ಜಿ ಒಳಗೆ ಹೋಗಿರಬೇಕು. ಫಲಿತಾಂಶದಲ್ಲಿ ಗೈರು ಎಂದು ನೋಡಿದ ಮೇಲೆ ಓಡಿ ಬಂದರೆ, ಇಷ್ಟು ದಿನ ಎಲ್ಲಿದ್ದೆ ಎನ್ನುತ್ತಾರೆ. ಕೊಟ್ಟ ಕಡೆಯೆಲ್ಲ ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ ಮತ್ತು ಸೀಲು ಹಾಕಿಸಿಕೊಳ್ಳಿ. ಕಾಲೇಜಿನಿಂದ ಹೋದ ಪತ್ರದ ಜಾವಕ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ವಿಚಾರಿಸಲು ಹೋದಾಗ ಈ ನಂಬರ್ ಹೇಳಿದರೆ ಫೈಲ್ ಸಿಗುತ್ತದೆ, ಹೆಸರು ಹೇಳಿದರೆ ಸಿಗುವುದು ಕಷ್ಟ.

ಉತ್ತರ ಬರಲಿ ಅಂತ ಕಾಯುತ್ತಾ ಮುಂದಿನ ಪರೀಕ್ಷೆಯ ಅರ್ಜಿ ತುಂಬುವುದನ್ನು ಬಿಡಬೇಡಿ. UUCMS ನಲ್ಲಿ ನಿಮ್ಮ ಲಾಗಿನ್‌ನಲ್ಲಿ ಈ ಪೇಪರ್ ರಿಪೀಟರ್ ಎಂದು ಕಾಣಿಸಿದರೆ, ಕೊನೆಯ ದಿನಾಂಕದ ಒಳಗೆ ತುಂಬಿ ಶುಲ್ಕ ಕಟ್ಟಿ. ಪೂರಕ ಅವಕಾಶ ಸಿಕ್ಕರೆ ಒಂದು ಪೇಪರಿನ ಶುಲ್ಕ ಹೋಯಿತು ಅಷ್ಟೇ. ಸಿಗದೇ ಹೋಗಿ, ಇದನ್ನೂ ತುಂಬಿರದಿದ್ದರೆ ಆ ಸಲದ ಹಾಲ್ ಟಿಕೆಟ್ಟಿನಲ್ಲಿ ಕಾಸ್ಟ್ ಅಕೌಂಟಿಂಗ್ ಇರುವುದೇ ಇಲ್ಲ, ಆಗ ಯಾರ ಶಿಫಾರಸೂ ನಡೆಯುವುದಿಲ್ಲ.