ಪರಿಚಯ ಬರಹ ತಿದ್ದಿಸಲು ಏನಂತ ಹೇಳಬೇಕು?

ಪ್ರಶ್ನೆ: ಸಾಗರದಲ್ಲಿ ನಡೆಯುವ ಯಕ್ಷಗಾನ ಆಟದ ಕರಪತ್ರಕ್ಕೆ ನಮ್ಮ ಭಾಗವತರ ಪರಿಚಯ ಬರೆಸಿದೆವು. ಹೊಗಳಿಕೆ ಅತಿಯಾಯ್ತು. ‘ಕಡಿಮೆ ಮಾಡಿ’ ಅಂದರೆ ಸಪ್ಪೆಯಾಗಿ ಬಂತು. ಬರೆದವರಿಗೆ ಹೇಗೆ ಹೇಳೋದು?

ಉತ್ತರ: ‘ಕಡಿಮೆ ಮಾಡಿ’ ಅಂದಾಗ ವಿಶೇಷಣದ ಜೊತೆ ವಿವರವೂ ಹೋಗಿಬಿಡುತ್ತದೆ, ಸಪ್ಪೆಯಾಗುವುದು ಅದಕ್ಕೇ. ಯಾವ ಪದ ತೆಗೆಯಬೇಕು, ಅಲ್ಲಿ ಏನು ಬರಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಬಿಡಿಸಿ ಹೇಳಿ. ‘ಮಲೆನಾಡು ಕಂಡ ಅಪ್ರತಿಮ ಭಾಗವತರು’ ಎಂದು ಶುರುವಾಗಿದ್ದರೆ ಹೀಗೆ ಬರೆದು ಕಳಿಸಿ:

“ಮೊದಲ ವಾಕ್ಯದಲ್ಲಿ ‘ಮಲೆನಾಡು ಕಂಡ ಅಪ್ರತಿಮ’ ತೆಗೆಯಿರಿ. ಬದಲಿಗೆ ಬಡಗುತಿಟ್ಟು ಎಂಬುದೂ ಎಷ್ಟು ವರ್ಷದ ಮೇಳದ ತಿರುಗಾಟ ಎಂಬುದೂ ಬರಲಿ. ಗುರುಗಳ ಹೆಸರಿನ ಸಾಲು ಇದ್ದ ಹಾಗೇ ಇರಲಿ. ಒಟ್ಟು 60 ಪದ ಮೀರಬಾರದು.”

ಆಗ ‘22 ವರ್ಷಗಳಿಂದ ಮೇಳದಲ್ಲಿರುವ ಬಡಗುತಿಟ್ಟಿನ ಭಾಗವತರು’ ಎಂಬಂಥ ಸಾಲು ಬರುತ್ತದೆ. ಇದರಲ್ಲಿ ಹೊಗಳಿಕೆ ಇಲ್ಲ, ತೂಕ ಇದೆ.

ಉದ್ದವಾಗಿಸುವುದು ಸಾಮಾನ್ಯವಾಗಿ ಸನ್ಮಾನಗಳ ಪಟ್ಟಿ. ಎರಡು ಸಾಕು, ಆದರೆ ಯಾವ ಎರಡು ಎಂದು ನೀವೇ ಗುರುತು ಮಾಡಿ. ಬರೆಯುವವರಿಗೆ ಬಿಟ್ಟರೆ ದೊಡ್ಡ ಹೆಸರಿನವೇ ಉಳಿಯುತ್ತವೆ, ಭಾಗವತಿಕೆಗೆ ಸಂಬಂಧವಿರಲಿ ಬಿಡಲಿ.

ತಿದ್ದಿದ್ದು ಬಂದ ಮೇಲೆ ಹೆಸರಿನ ಜಾಗದಲ್ಲಿ ಬೇರೆ ಭಾಗವತರ ಹೆಸರಿಟ್ಟು ಓದಿ. ಯಾವ ಸಾಲು ಅವರಿಗೂ ಹೊಂದುತ್ತದೋ ಆ ಸಾಲಿಗೆ ಇನ್ನೂ ವಿವರ ಬೇಕು.