ನಾಯಿ ಮೂಳೆ ಹೂತಿಟ್ಟು ಮರೆಯುವುದೇಕೆ?

ಪ್ರಶ್ನೆ: ನಮ್ಮ ನಾಯಿ ಮೂಳೆ, ಚೆಂಡು ಎಲ್ಲಾ ಕೈತೋಟದಲ್ಲಿ ಹೂತಿಟ್ಟು ಆಮೇಲೆ ಮರೆತೇಬಿಡುತ್ತೆ. ಯಾಕೆ?

ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ಬಚ್ಚಿಡುವುದು ತೋಳದ ಕಾಲದಿಂದ ಬಂದ ಹುಟ್ಟುಗುಣ. ಮಣ್ಣಿನಡಿ ತಂಪು, ಗಾಳಿಯೂ ಕಡಿಮೆ. ಹಾಗಾಗಿ ಮಾಂಸ ನಿಧಾನವಾಗಿ ಕೆಡುತ್ತದೆ, ಬೇರೆ ಪ್ರಾಣಿಗಳಿಗೆ ವಾಸನೆಯೂ ಅಷ್ಟಾಗಿ ಸಿಗುವುದಿಲ್ಲ. ನಮ್ಮನೆ ನಾಯಿ ಮುಂಗಾಲಲ್ಲಿ ಗುಂಡಿ ತೋಡಿ, ಮೂಳೆ ಇಟ್ಟು, ಮೂಗಿನಿಂದ ಮಣ್ಣು ತಳ್ಳಿ ಮುಚ್ಚುತ್ತದೆ. ಬಿಸ್ಕತ್ತನ್ನು ಸೋಫಾ ಮೇಲಿಟ್ಟು, ಇಲ್ಲದ ಮಣ್ಣನ್ನು ಮೂಗಲ್ಲಿ ತಳ್ಳುವುದೂ ಉಂಟು!

ಆಮೇಲೆ ಅಗೆದು ತೆಗೆಯದಿರುವುದಕ್ಕೆ ಕಾರಣ ಮರೆವಿಗಿಂತ ಜಾಸ್ತಿಯಾಗಿ ಅಗತ್ಯ ಇಲ್ಲದಿರುವುದು. ತೋಳ ಹಸಿದಾಗ ವಾಪಸ್ ಬಂದು ಅಗೆಯುತ್ತದೆ. ಮನೆ ನಾಯಿಗೆ ಹೊತ್ತಿಗೆ ಸರಿಯಾಗಿ ತಟ್ಟೆ ತುಂಬುತ್ತದೆ, ಅಲ್ವಾ? ಚೆಂಡಿಗಂತೂ ತಿನ್ನುವ ಆಸೆ ಹುಟ್ಟಿಸುವ ವಾಸನೆಯೇ ಇಲ್ಲ. ಮೂಳೆಯಾದರೆ ದಿನಗಳಾದ ಮೇಲೂ ಮೂಗಿನ ಜಾಡಲ್ಲೇ ಹುಡುಕಿ ತೆಗೆಯಬಲ್ಲದು.