‘ಕಟ್ಟಿದ್ದು ಬೀಳುತ್ತದೆ’: ಈ ಸಾಲು ಮೊದಲೇ ಯಾರಾದರೂ ಹೇಳಿದ್ದಾರಾ?

ಪ್ರಶ್ನೆ: ವಿಜಯಪುರದಿಂದ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಬಳಗ ನಮ್ಮದು. ಟೀ ಶರ್ಟ್ ಹಿಂದೆ ಹಾಕಿಸಲು ‘ಕಟ್ಟಿದ್ದು ಬೀಳುತ್ತದೆ, ನಡೆಯುವುದು ಉಳಿಯುತ್ತದೆ’ ಅಂತ ನಾನೇ ಒಂದು ಸಾಲು ಬರೆದಿದ್ದೇನೆ. ಕೆಳಗೆ ನನ್ನ ಹೆಸರು ಬರುತ್ತದೆ. ಗೂಗಲ್‌ನಲ್ಲಿ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಆದರೂ ಎಲ್ಲೋ ಕೇಳಿದ ಹಾಗಿದೆ ಅಂತ ಒಬ್ಬರು ಅಂದರು. ಪ್ರಿಂಟಿಗೆ ಕೊಡುವ ಮೊದಲು ಹೇಗೆ ಖಾತ್ರಿ ಮಾಡಿಕೊಳ್ಳಲಿ?

ಹಾಗಂದವರ ಕಿವಿ ಚುರುಕಾಗಿದೆ. ಇದು ಬಸವಣ್ಣನವರ ಮಾತು. ‘ಉಳ್ಳವರು ಶಿವಾಲಯವ ಮಾಡುವರು’ ವಚನದ ಕೊನೆ ನೆನಪಿಸಿಕೊಳ್ಳಿ: ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.’ ಕಟ್ಟಿ ನಿಲ್ಲಿಸಿದ ಶಿವಾಲಯ ಸ್ಥಾವರ, ಅದು ಒಂದು ದಿನ ಹೋಗುತ್ತದೆ. ನಡೆದಾಡುವುದು ಜಂಗಮ, ಅದು ಹೋಗುವುದಿಲ್ಲ. ನಿಮ್ಮ ಸಾಲಿನ ಎರಡು ತುಂಡೂ ಅಲ್ಲಿವೆ. ಮೊದಲು ಬೀಳುವುದು, ಆಮೇಲೆ ಉಳಿಯುವುದು, ಆ ಕ್ರಮವೂ ಅದೇ. ಆದರೆ ಒಂದು ಪದವೂ ಒಂದೇ ಅಲ್ಲ. ಗೂಗಲ್ ಕೈಕೊಟ್ಟಿದ್ದು ಅದಕ್ಕೇ.

ನಾನು ಬಾಗಲಕೋಟೆಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಜಾತ್ರೆ ಬ್ಯಾನರು, ಶಾಲೆಯ ಸ್ಮರಣ ಸಂಚಿಕೆ, ಎಲ್ಲದರಲ್ಲೂ ಒಂದೊಂದು ‘ಸ್ವಂತ’ ಸಾಲು ಬರುತ್ತದೆ. ಕದ್ದು ತಂದವರು ಬಹಳ ಕಡಿಮೆ. ಹೆಚ್ಚಿನವರು ಎಂದೋ ಕೇಳಿದ್ದನ್ನು ಮರೆತಿರುತ್ತಾರೆ. ಕೇಳಿದ್ದು ಮರೆತರೂ ಅದರ ಆಕಾರ ಒಳಗೆ ಕೂತಿರುತ್ತದೆ, ಬರೆಯಲು ಕುಳಿತಾಗ ಹೊಸ ಬಟ್ಟೆ ತೊಟ್ಟು ಹೊರಗೆ ಬರುತ್ತದೆ. ಹಾಗಾಗಿ ಹುಡುಕುವಾಗ ಪದಕ್ಕಿಂತ ಆ ಆಕಾರದ ಬೆನ್ನು ಹತ್ತಬೇಕು.

ಮೊದಲ ಪರೀಕ್ಷೆಗೆ ಫೋನೂ ಬೇಕಿಲ್ಲ. ನಿಮ್ಮ ಸಾಲಿನ ಅರ್ಧ ಮಾತ್ರ ಹೇಳಿ ಸುಮ್ಮನಾಗಿ. ‘ಈ ಸಾಲು ಕೇಳಿದ್ದೀರಾ’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಜನ ನಿಮ್ಮ ಮುಖ ನೋಡಿ ‘ಇಲ್ರೀ, ಚಲೋ ಐತಿ’ ಅಂದುಬಿಡುತ್ತಾರೆ. ಬದಲಿಗೆ ಮಾತಿನ ನಡುವೆ, ‘ಕಟ್ಟಿದ್ದು ಒಂದಿನ ಬೀಳೂದ, ಆದ್ರ...’ ಅಂತ ನಿಲ್ಲಿಸಿ. ಎದುರಿಗಿದ್ದವರು ಅದನ್ನು ಹೇಗೆ ಮುಗಿಸುತ್ತಾರೆ ನೋಡಿ. ಬೇರೆ ಬೇರೆ ಜನ ಬೇರೆ ಬೇರೆ ರೀತಿ ಮುಗಿಸಿದರೆ ನಿಮ್ಮ ಎರಡನೇ ಅರ್ಧ ನಿಮ್ಮದೇ ಇರಬಹುದು. ‘ಜಂಗಮಕ್ಕ ಅಳಿವಿಲ್ಲ ಅಂತಾರಲ್ರೀ ಬಸವಣ್ಣನವರು’ ಅಂದರೆ ಅಲ್ಲಿಗೆ ಮುಗಿಯಿತು. ಯಾರನ್ನು ಕೇಳುತ್ತೀರಿ ಅನ್ನುವುದೂ ಮುಖ್ಯ. ಮಠದ ಪ್ರವಚನಕ್ಕೆ ತಪ್ಪದೆ ಹೋಗುವ ಒಬ್ಬರು, ಕನ್ನಡ ಮೇಷ್ಟ್ರು ಒಬ್ಬರು, ಭಜನೆ ಅಥವಾ ಸೋಬಾನೆ ಹಾಡುವ ಅಜ್ಜಿ ಒಬ್ಬರು ಇದ್ದರೆ ಸಾಕು. ಈ ಮೂವರ ತಲೆಯಲ್ಲಿರುವ ಸಾಲುಗಳು ಬೇರೆ ಬೇರೆ.

ಇನ್ನು ಹುಡುಕಾಟ. ಒಂದು ಹಾಳೆಯಲ್ಲಿ ನಿಮ್ಮ ಸಾಲಿನ ನಾಲ್ಕು ಪದ ಬರೆದುಕೊಳ್ಳಿ: ಕಟ್ಟಿದ್ದು, ಬೀಳು, ನಡೆ, ಉಳಿ. ಪ್ರತಿ ಪದದ ಕೆಳಗೆ ಅದೇ ಅರ್ಥದ ಹಳೆಯ ಪದ ಬರೆಯಿರಿ. ಕಟ್ಟಿದ್ದರ ಕೆಳಗೆ ಗುಡಿ, ದೇಗುಲ, ಶಿವಾಲಯ, ಸ್ಥಾವರ. ಬೀಳುವುದರ ಕೆಳಗೆ ಕೆಡು, ಅಳಿ, ನಾಶ. ನಡೆಯುವುದರ ಕೆಳಗೆ ಚರ, ಜಂಗಮ. ಉಳಿಯುವುದರ ಕೆಳಗೆ ಸ್ಥಿರ, ಅಳಿವಿಲ್ಲ. ಈಗ ಮೊದಲ ಗುಂಪಿನ ಒಂದು, ಮೂರನೇ ಗುಂಪಿನ ಒಂದು ಜೋಡಿ ಮಾಡಿ ಹುಡುಕಿ. ‘ಸ್ಥಾವರ ಜಂಗಮ’ ಅಂತ ಹಾಕಿದ ಕೂಡಲೇ ಆ ವಚನ ಎದುರಿಗೆ ಬರುತ್ತದೆ. ನೀವು ಹುಡುಕಿದ್ದು ಇವತ್ತಿನ ಮಾತಿನಲ್ಲಿ, ಸಾಲು ಇರುವುದು 12ನೇ ಶತಮಾನದ ಮಾತಿನಲ್ಲಿ.

ನಮ್ಮ ಭಾಗದಲ್ಲಿ ಬರೆಯುವವರು ಮೊದಲು ನೋಡಬೇಕಾದ ಜಾಗ ವಚನಗಳೇ. ವಿಜಯಪುರದ ಫ.ಗು. ಹಳಕಟ್ಟಿಯವರು ತಾಳೆಗರಿ ಕಟ್ಟುಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಮೇಲೆ ಈ ಸಾಲುಗಳು ಪಠ್ಯ, ಪ್ರವಚನ, ಗೋಡೆಬರಹ ಎಲ್ಲದರಲ್ಲೂ ಹರಡಿವೆ. ವಿಜಯಪುರ, ಬಾಗಲಕೋಟೆ ಕಡೆ ಬೆಳೆದವರ ಕಿವಿಗೆ ಗೊತ್ತಿಲ್ಲದೇ ಬಿದ್ದಿರುತ್ತವೆ. vachana.sanchaya.net ತಾಣದಲ್ಲಿ 20,000ಕ್ಕೂ ಜಾಸ್ತಿ ವಚನಗಳಿವೆ, ಪದ ಕೊಟ್ಟು ಹುಡುಕಬಹುದು.

ಆದರೆ ಇಲ್ಲೊಂದು ತೊಡಕಿದೆ, ಹೆಚ್ಚಿನವರು ಎಡವುವುದು ಇಲ್ಲೇ. ನೀವು ‘ಅಳಿವು’ ಅಂತ ಹುಡುಕಿದರೆ ಈ ವಚನ ಸಿಗದೇ ಹೋಗಬಹುದು. ‘ಸ್ಥಾವರಕ್ಕೆ’ ಮತ್ತು ‘ಅಳಿವುಂಟು’ ಸೇರಿ ‘ಸ್ಥಾವರಕ್ಕಳಿವುಂಟು’ ಆಗಿದೆ. ‘ಅ’ ಅನ್ನುವ ಅಕ್ಷರವೇ ಅಲ್ಲಿಲ್ಲ, ಕಂಪ್ಯೂಟರಿಗೆ ಅದು ಒಂದೇ ಉದ್ದದ ಪದ. ಅದಕ್ಕೆ ಸ್ವರದಿಂದ ಶುರುವಾಗುವ ಪದವನ್ನು ನಂಬಬೇಡಿ. ತಲೆಯ ಅಕ್ಷರ ಬಿಟ್ಟು ‘ಳಿವು’ ಅಂತ ತುಂಡು ಹುಡುಕಿ. ಗೂಗಲ್ ಹೀಗೆ ಪದದ ನಡುವಿನ ತುಂಡನ್ನು ಹಿಡಿಯುವುದಿಲ್ಲ. ಕನ್ನಡ ವಿಕಿಸೋರ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಹೀಗೆ ಹಾಕಿದರೆ ಪದದ ನಡುವೆಯೂ ನೋಡುತ್ತದೆ:

```
insource:/ಳಿವುಂಟು/
```

ಕೊನೆಯ ಅಕ್ಷರಗಳದ್ದೂ ಇದೇ ಕಥೆ. ನಾವು ‘ಮಾಡಿದರೆ’ ಅಂತ ಬರೆದರೆ ಹಳೆಯ ಪಾಠದಲ್ಲಿ ‘ಮಾಡಿದಡೆ’ ಇರುತ್ತದೆ. ‘ಕಾಯಕವೇ’ ಒಂದು ಕಡೆ, ‘ಕಾಯಕವೆ’ ಇನ್ನೊಂದು ಕಡೆ. ‘ಕಂಬ’ ಒಂದು ಪುಸ್ತಕದಲ್ಲಿ ‘ಕಂಭ’. ಪದದ ನಡುಭಾಗ ಮಾತ್ರ ಇಟ್ಟುಕೊಂಡು ಹುಡುಕುವುದೇ ಒಳ್ಳೆಯದು.

ನಿಮ್ಮ ಸಾಲಿನಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಬಸವಣ್ಣನವರು ‘ಬೀಳುತ್ತದೆ’ ಅಂದಿಲ್ಲ, ‘ಅಳಿವುಂಟು’ ಅಂದಿದ್ದಾರೆ. ‘ಉಳಿಯುತ್ತದೆ’ ಅಂತಲೂ ಅಂದಿಲ್ಲ, ‘ಅಳಿವಿಲ್ಲ’ ಅಂದಿದ್ದಾರೆ. ಹಾಗಾದರೆ ಬೀಳುವ, ಉಳಿಯುವ ಮಾತು ಎಲ್ಲಿಂದ ಬಂತು? ಎ.ಕೆ. ರಾಮಾನುಜನ್ ಅವರು 1973ರಲ್ಲಿ ತಂದ ಇಂಗ್ಲಿಷ್ ಅನುವಾದದಲ್ಲಿ ಈ ಸಾಲು ಹೆಚ್ಚುಕಡಿಮೆ ಹೀಗೇ ಇದೆ: ನಿಂತದ್ದು ಬೀಳುತ್ತದೆ, ಚಲಿಸುವುದು ಸದಾ ಉಳಿಯುತ್ತದೆ. ಇಂಗ್ಲಿಷ್ ಓದಿದವರಲ್ಲಿ ಇದು ಬಹಳ ಹೆಸರಾದ ಸಾಲು, ಭಾಷಣಗಳಲ್ಲೂ ಬರುತ್ತದೆ. ನೀವು ಅಲ್ಲಿಂದಲೇ ತೆಗೆದುಕೊಂಡಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕನ್ನಡದ ಸಾಲೊಂದು ಇಂಗ್ಲಿಷಿಗೆ ಹೋಗಿ, ಯಾರದೋ ಬಾಯಲ್ಲಿ ಮತ್ತೆ ಕನ್ನಡಕ್ಕೆ ಬಂದರೆ ಮೂಲದ ಒಂದು ಪದವೂ ಉಳಿದಿರುವುದಿಲ್ಲ. ಅದಕ್ಕೆ ನಿಮ್ಮ ಸಾಲಿನ ಅರ್ಥವನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಕೂಡ ಹಾಕಿ ಹುಡುಕಿ. ಬೆಳಗಾವಿ ಕಡೆಯವರಾದರೆ ಮರಾಠಿಯಲ್ಲೂ ನೋಡಲೇಬೇಕು. ಅಲ್ಲಿ ತುಕಾರಾಮರ ಅಭಂಗ ಕೇಳುತ್ತಲೇ ಬೆಳೆದವರು ಬಹಳ.

ಇಷ್ಟೆಲ್ಲ ಮಾಡಿಯೂ ಏನೂ ಸಿಗಲಿಲ್ಲ ಅಂದರೆ ‘ಸಿಗಲಿಲ್ಲ’ ಅಂತ ಮಾತ್ರ ಹೇಳಬಹುದು, ‘ಇಲ್ಲ’ ಅಂತ ಅಲ್ಲ. ನಮ್ಮ ಪ್ರೆಸ್ಸಿನವರಿಗೆ ಇದು ಚೆನ್ನಾಗಿ ಗೊತ್ತು. ಕನ್ನಡದ ಎಷ್ಟೋ ಹಳೆಯ ಫೈಲುಗಳು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ಕಣ್ಣಿಗೆ ‘ಕನ್ನಡ’ ಅಂತ ಕಂಡರೂ ನುಡಿ ಫೈಲಿನ ಒಳಗೆ ಇರುವುದು `PÀ£ÀßqÀ`. ಅಂಥ ಪಿಡಿಎಫ್‌ನಲ್ಲಿರುವ ಕವಿತೆ ನೀವು ಟೈಪ್ ಮಾಡುವ ಕನ್ನಡಕ್ಕೆ ಸಿಗುವುದೇ ಇಲ್ಲ. ಫೋಟೋದಂತೆ ಸ್ಕ್ಯಾನ್ ಮಾಡಿದ ಪುಸ್ತಕಗಳೂ ಹೆಚ್ಚಾಗಿ ಹಾಗೇ. ಅದಕ್ಕೇ ಅರ್ಧ ಸಾಲಿನ ಪರೀಕ್ಷೆಯನ್ನು ಮೊದಲು ಹೇಳಿದ್ದು.

ಹಾಗಂತ ಎಲ್ಲದಕ್ಕೂ ಹೆದರುವುದೂ ಬೇಡ. ‘ನಡೆ-ನುಡಿ’ ಜೋಡಿ ನಿಮ್ಮ ಸಾಲಿನಲ್ಲಿ ಬಂದರೆ ಅದು ನಕಲಲ್ಲ. ಆ ಜೋಡಿ ಎಲ್ಲರದು. ನೋಡಬೇಕಾದ್ದು ಇಷ್ಟೇ: ಎದುರುಬದುರು ಇಟ್ಟ ಎರಡು ವಿಷಯ ಅವೇನಾ, ಅವುಗಳ ಬಗ್ಗೆ ಹೇಳಿದ ತೀರ್ಪೂ ಅದೇನಾ? ನಿಮ್ಮ ಸಾಲಿನಲ್ಲಿ ಎರಡಕ್ಕೂ ಹೌದು ಅಂತಲೇ ಉತ್ತರ. ಒಂದಕ್ಕೆ ಮಾತ್ರ ಹೌದು ಅನ್ನುವಂತಿದ್ದರೆ ನಾನು ಧೈರ್ಯವಾಗಿ ಅಚ್ಚಿಗೆ ಬಿಡುತ್ತಿದ್ದೆ.

ಕಾನೂನಿನ ತೊಂದರೆ ನಿಮಗಿಲ್ಲ, ವಚನದ ಮೇಲೆ ಯಾರ ಹಕ್ಕೂ ಇಲ್ಲ. ಇತ್ತೀಚಿನ ಕವಿಗಳ ಸಾಲಾಗಿದ್ದರೆ ಮಾತು ಬೇರೆ. ನಮ್ಮಲ್ಲಿ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041 ಮುಗಿಯುವವರೆಗೆ. ನಿಮ್ಮದು ಹೆಸರಿನ ಪ್ರಶ್ನೆ ಮಾತ್ರ. ವಿಜಯಪುರದಿಂದ ಶ್ರೀಶೈಲದ ದಾರಿಯುದ್ದಕ್ಕೂ ಬಸವಣ್ಣನವರ ಮಾತಿನ ಕೆಳಗೆ ನಿಮ್ಮ ಹೆಸರು ಓದಿದವರು ತಪ್ಪು ತಿಳಿಯುತ್ತಾರೆ. ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನನ್ನನ್ನು ಕೇಳಿದರೆ ಮೂಲ ಸಾಲನ್ನೇ ಹಾಕಿಸಿ, ಕೆಳಗೆ ‘ಬಸವಣ್ಣ’ ಅಂತ ಬರೆಸಿ. ಪಾದಯಾತ್ರೆಗೆ ಅದಕ್ಕಿಂತ ಒಪ್ಪುವ ಸಾಲು ಸಿಗುವುದು ಕಷ್ಟ. ಹೆಸರು ಹಾಕುವ ಮೊದಲು ಅಂಕಿತ ನೋಡಿಕೊಳ್ಳಿ. ಈ ವಚನದಲ್ಲಿ ‘ಕೂಡಲಸಂಗಮದೇವಾ ಕೇಳಯ್ಯಾ’ ಅಂತ ಸ್ಪಷ್ಟವಾಗಿದೆ, ತೊಂದರೆಯಿಲ್ಲ. ಎಲ್ಲ ಕಡೆ ಹೀಗಿರುವುದಿಲ್ಲ. ‘ಕಾಯಕವೇ ಕೈಲಾಸ’ ಬಸವಣ್ಣನವರದು ಅಂತ ಊರೂರಿನ ಗೋಡೆ ಮೇಲೆ ಬರೆದಿದ್ದಾರೆ. ಆದರೆ ‘ಕಾಯಕವೆ ಕೈಲಾಸವಾದ ಕಾರಣ’ ಅನ್ನುವ ಸಾಲು ಬರುವ ವಚನ ಆಯ್ದಕ್ಕಿ ಮಾರಯ್ಯನವರದು. ಅದರ ಅಂಕಿತ ಅಮರೇಶ್ವರಲಿಂಗ.

ಸ್ವಂತ ಸಾಲೇ ಬೇಕು ಅಂದರೆ ಈ ಕಟ್ಟುವ-ನಡೆಯುವ ಜೋಡಿಯನ್ನು ಪೂರ್ತಿ ಬಿಡಿ. ಪದ ಬದಲಿಸಿದರೆ ಮತ್ತೆ ಅಲ್ಲಿಗೇ ಬರುತ್ತೀರಿ. ದಾರಿಯಲ್ಲಿ ನೀವೇ ಕಂಡಿದ್ದರಿಂದ ಶುರು ಮಾಡಿ. ಹಳ್ಳಿಯವರು ರಸ್ತೆ ಬದಿ ನಿಂತು ನೀರು, ಮಜ್ಜಿಗೆ ಕೊಡುತ್ತಾರಲ್ಲ, ಅವರ ಬಗ್ಗೆ ‘ನೀರು ಕೊಟ್ಟವರೂ ನಮ್ಮ ಜೊತೆ ನಡೆದವರೇ’ ಅಂತ ಬರೆದಿರಿ ಅಂದುಕೊಳ್ಳಿ. ಅದರ ಅರ್ಧ, ‘ನೀರು ಕೊಟ್ಟವರೂ...’ ಅಂತ ಹೇಳಿ ಬಿಟ್ಟರೆ ಒಬ್ಬರು ‘ಪುಣ್ಯವಂತರು’ ಅಂತಾರೆ, ಇನ್ನೊಬ್ಬರು ‘ದೇವರ ಸಮಾನ’ ಅಂತಾರೆ. ಒಂದೇ ಕಡೆ ಹೋಗುವುದಿಲ್ಲ. ಅಂಥದ್ದೊಂದು ಬರೆದು, ಇದೇ ರೀತಿ ನೋಡಿ, ಹೆಸರು ಹಾಕಿಸಿ. ಟೀ ಶರ್ಟಿನ ಸ್ಕ್ರೀನ್ ಒಮ್ಮೆ ಮಾಡಿದ ಮೇಲೆ ಸಾಲು ಬದಲಿಸಿದರೆ ಹೊಸ ಸ್ಕ್ರೀನಿಗೆ ಮತ್ತೆ ದುಡ್ಡು ಕೊಡಬೇಕು. ಹಾಗಾಗಿ ಪ್ರಿಂಟಿನವರಿಗೆ ಫೈನಲ್ ಅಂತ ಹೇಳುವ ಮೊದಲೇ ಇದನ್ನು ಮುಗಿಸಿಕೊಳ್ಳಿ.